ಸ್ಟಿಕ್ಕರ್ ಹೊಸದು, ಗ್ಯಾಸ್ ಇಲ್ಲ

ಹೈದರಾಬಾದಿನ ಕಾಚಿಗೂಡದ ನಮ್ಮ ಅಪಾರ್ಟ್‌ಮೆಂಟಿಗೆ ಬೆಂಕಿ ಆರಿಸುವ ಸಿಲಿಂಡರ್‌ಗಳು ಬಂದದ್ದೇ ಬಜಾರ್‌ಘಾಟ್ ದುರಂತದ ನಂತರ. 2023ರ ನವೆಂಬರ್ 13ರಂದು ಅಲ್ಲಿನ ಒಂದು ವಸತಿ ಕಟ್ಟಡದ ನೆಲಮಹಡಿಯಲ್ಲಿಟ್ಟಿದ್ದ ರಾಸಾಯನಿಕದ ಡ್ರಮ್ಮುಗಳಿಗೆ ಬೆಂಕಿ ಹತ್ತಿ ಕನಿಷ್ಠ 9 ಜನ ಸತ್ತರು. ಆಮೇಲೆಯೇ ನಮ್ಮ ಅಧ್ಯಕ್ಷರು ದುಡ್ಡು ಬಿಚ್ಚಿದ್ದು. ಇಲ್ಲಿ 18 ಮೀಟರ್‌ಗಿಂತ ಎತ್ತರದ ವಸತಿ ಕಟ್ಟಡಕ್ಕೆ ಮಾತ್ರ ಅಗ್ನಿಶಾಮಕ ಇಲಾಖೆಯ ಎನ್ಒಸಿ ಬೇಕು. ನಮ್ಮದು ಅದಕ್ಕಿಂತ ಗಿಡ್ಡ. ಹಾಗಾಗಿ ಸಿಲಿಂಡರ್ ತಂದವನೇ ವರ್ಷಕ್ಕೊಮ್ಮೆ ಬಂದು ತಪಾಸಣೆ ಮಾಡುತ್ತಿದ್ದ, ತಾನೇ ಸ್ಟಿಕ್ಕರ್ ಅಂಟಿಸಿ ಬಿಲ್ ಕೊಡುತ್ತಿದ್ದ. ಕಾರ್ಯದರ್ಶಿಯಾಗಿ ನಾನು ಪ್ರತಿ ಸಲ ತಕರಾರು ತೆಗೆದೆ. “ಬಿಡ್ರಿ ಸಾರ್, ಅವರು ನಮ್ಮ ಪೈಕಿ” ಅಂತ ಅಧ್ಯಕ್ಷರು ಸಹಿ ಹಾಕಿಸಿದರು.

ಮೇ ತಿಂಗಳ ಒಂದು ಸಂಜೆ, ಎಲ್ಲರ ಮನೆ ಎಸಿ ಓಡುತ್ತಿದ್ದ ಹೊತ್ತಿಗೆ, ಸ್ಟಿಲ್ಟ್‌ನ ಮೀಟರ್ ಪ್ಯಾನೆಲ್‌ನಲ್ಲಿ ಕೇಬಲ್ ಜಾಯಿಂಟ್ ಸುಟ್ಟಿತು. ಮೊದಲು ಪ್ಲಾಸ್ಟಿಕ್ ಸುಟ್ಟ ವಾಸನೆ, ಆಮೇಲೆ ಬಾಗಿಲ ಸಂದಿಯಿಂದ ಕಪ್ಪು ಹೊಗೆ. ಪಕ್ಕದಲ್ಲೇ ಸಾಲಾಗಿ ಸ್ಕೂಟರ್‌ಗಳು, ಮೇಲೆ ಹೋಗಲು ಇರುವುದು ಅದೊಂದೇ ಮೆಟ್ಟಿಲು. ವಾಚ್‌ಮನ್ ನಾಲ್ಕೂವರೆ ಕಿಲೋ ಸಿಓ2 ಸಿಲಿಂಡರ್ ಎಳೆದು ತಂದು, ಪಿನ್ ಕಿತ್ತು, ಹಿಡಿ ಒತ್ತಿದ. ಬುಸ್ ಅಂತ ಒಂದು ಸಲ ಸದ್ದಾಯಿತು, ಅಷ್ಟೇ. ಮತ್ತೆ ಒತ್ತಿದ. “ಸಾರ್, ಗ್ಯಾಸ್ ರಾವಟ್ಲೇದು!” ಅಂತ ಕೂಗಿದ. ಅಷ್ಟರಲ್ಲಿ ಅಧ್ಯಕ್ಷರು ಬಕೆಟ್ ನೀರು ಹಿಡಿದು ಓಡಿ ಬಂದರು. ಕರೆಂಟು ಇನ್ನೂ ಹರಿಯುತ್ತಿರುವ ಪ್ಯಾನೆಲ್‌ಗೆ ನೀರು! ಕೈ ಹಿಡಿದು ನಿಲ್ಲಿಸಿದೆ. ಎರಡನೇ ಮಹಡಿಯ ಹುಡುಗ ಮೇನ್ ಕೆಡವಿದ. ಕೊನೆಗೆ ಲಿಫ್ಟ್ ಬಳಿಯ ಎಬಿಸಿ ಪೌಡರ್ ಸಿಲಿಂಡರಿನಿಂದ ಬೆಂಕಿ ಆರಿತು. ಬಿಳಿ ಪುಡಿ ಎಲ್ಲರ ತಲೆ, ಮೂಗು, ಸ್ಕೂಟರ್‌ಗಳ ಮೇಲೆಲ್ಲ ಕೂತಿತ್ತು.

ಗ್ಯಾಸ್ ಬರದ ಸಿಲಿಂಡರಿನ ಸ್ಟಿಕ್ಕರ್ ಪ್ರಕಾರ ಮುಂದಿನ ರೀಫಿಲ್‌ಗೆ ಇನ್ನೂ ಬಹಳ ತಿಂಗಳಿತ್ತು. ಸಿಲಿಂಡರ್ ತಂದವನನ್ನು ಕರೆಸಿ ಕೇಳಿದರೆ, “ನೀವೇ ಬಳಸಿಬಿಟ್ಟಿದ್ದೀರಿ, ಈಗೇನು ಗೊತ್ತಾಗುತ್ತೆ?” ಎಂದ. ಆ ಸಿಲಿಂಡರಿನ ಮಟ್ಟಿಗೆ ಅವನ ಮಾತು ಸರಿಯೇ, ಸೀಲ್ ಮುರಿದಿತ್ತು. ಆದರೆ ಟೆರೇಸಿನ ಲಿಫ್ಟ್ ಮೋಟರ್ ಕೋಣೆಯಲ್ಲಿ ಅವನೇ ತುಂಬಿಸಿದ್ದೆಂದ ಇನ್ನೊಂದು ಸಿಓ2 ಇತ್ತು, ಸೀಲ್ ಹಾಗೇ ಇತ್ತು. ರದ್ದಿ ಅಂಗಡಿಯ ತೂಗುಹಾಕುವ ಡಿಜಿಟಲ್ ತಕ್ಕಡಿ ತರಿಸಿದೆ. ಮೈಮೇಲೆ ಕೊರೆದ ಖಾಲಿ ತೂಕ 11.1 ಕಿಲೋ. ಅದಕ್ಕೆ 4.5 ಸೇರಿಸಿದರೆ 15.6 ಇರಬೇಕು. ಹಾರ್ನ್ ಕಳಚಿ ತೂಗಿದರೆ 13.9. ಅಂದರೆ ಒಳಗಿದ್ದ ಗ್ಯಾಸ್ 2.8 ಕಿಲೋ. ತುಂಬಿದ ಗ್ಯಾಸಿನಲ್ಲಿ ಹತ್ತು ಪರ್ಸೆಂಟ್, ಅಂದರೆ 450 ಗ್ರಾಂಗಿಂತ ಹೆಚ್ಚು ಕಡಿಮೆಯಾಗಿದ್ದರೆ ಮತ್ತೆ ತುಂಬಿಸಲೇಬೇಕು. ಇಲ್ಲಿ ಕಡಿಮೆಯಿದ್ದದ್ದು 1.7 ಕಿಲೋ. ಅವನು ಬಾಯಿ ಬಿಡಲಿಲ್ಲ, ಅಧ್ಯಕ್ಷರೂ ಬಿಡಲಿಲ್ಲ.

ಸಿಓ2 ಸಿಲಿಂಡರಿಗೆ ಗೇಜ್ ಯಾಕಿಲ್ಲ ಎಂಬುದು ಆಗ ನನಗೆ ತಿಳಿಯಿತು. ಗ್ಯಾಸ್ ಒಳಗೆ ದ್ರವವಾಗಿರುತ್ತದೆ. ದ್ರವ ಇರುವವರೆಗೂ ಒತ್ತಡ ಹೆಚ್ಚೂಕಮ್ಮಿ ಒಂದೇ, ಹಾಗಾಗಿ ಮುಳ್ಳು ಏನನ್ನೂ ಹೇಳದು. ತೂಕ ಮಾತ್ರ ಹೇಳುತ್ತದೆ. ಪೌಡರ್ ಸಿಲಿಂಡರಿನ ಹಸಿರು ಗೇಜನ್ನು ನಂಬುವುದಕ್ಕೂ ಮಿತಿಯಿದೆ. ಅವತ್ತು ಅರ್ಧ ಬಳಸಿದ ಸಿಲಿಂಡರಿನ ಮುಳ್ಳು ಹಸಿರಿನ ಅಂಚಿನಲ್ಲೇ ಇತ್ತು. “ಇನ್ನೂ ಇದೆಯಲ್ಲ, ನೇತುಹಾಕಿ” ಎಂದರು ಅಧ್ಯಕ್ಷರು. ಒಮ್ಮೆ ಒತ್ತಿದರೆ ವಾಲ್ವಿನಲ್ಲಿ ಪುಡಿ ಸಿಕ್ಕಿಕೊಂಡು ಗಾಳಿ ಸೋರುತ್ತದೆ. ಮರುದಿನ ಬೆಳಿಗ್ಗೆ ಮುಳ್ಳು ಕೆಂಪಿಗೆ ಇಳಿದಿತ್ತು.

ಈಗ ಒಂದು ದಪ್ಪ ಲೆಡ್ಜರ್ ಇಟ್ಟಿದ್ದೇನೆ. ಪ್ರತಿ ಸಿಲಿಂಡರಿಗೆ ಒಂದು ಪುಟ. ಎಲ್ಲಿ ನೇತಾಡುತ್ತಿದೆ, ಮೈಮೇಲೆ ಕೊರೆದ ನಂಬರ್, ಖಾಲಿ ತೂಕ, ಕೊನೆಯ ಒತ್ತಡ ಪರೀಕ್ಷೆಯ ವರ್ಷ (ಸಿಓ2ಗೆ 5 ವರ್ಷಕ್ಕೊಮ್ಮೆ), ಆಮೇಲೆ ನಾವೇ ತೂಗಿದ ತೂಕ. ಸ್ಟಿಕ್ಕರಿನ ದಿನಾಂಕಕ್ಕೆ ಕಾಲಮ್ಮೇ ಇಲ್ಲ. ನಂಬರ್ ಬರೆದಿಟ್ಟದ್ದರಿಂದ ರೀಫಿಲ್‌ಗೆ ಹೋದ ಸಿಲಿಂಡರೇ ವಾಪಸ್ ಬಂತೇ ಎಂದೂ ಗೊತ್ತಾಗುತ್ತದೆ. ಎಲ್ಲವನ್ನೂ ಒಟ್ಟಿಗೆ ಕಳಿಸುವುದಿಲ್ಲ. ಪೌಡರ್ ಸಿಲಿಂಡರುಗಳ ರೀಫಿಲ್ ಸಮಯ ಬಂದಾಗ ಒಂದನ್ನು ಟೆರೇಸಿನಲ್ಲಿ ಎಲ್ಲರೆದುರು ಪೂರ್ತಿ ಬಿಡಿಸಿ ನೋಡುತ್ತೇವೆ. ಪುಡಿ ಗಟ್ಟಿಯಾಗಿದ್ದರೆ ಅಲ್ಲೇ ಬಯಲಾಗುತ್ತದೆ.

ನಿಮ್ಮ ಕಟ್ಟಡದಲ್ಲಿ ಸಿಓ2 ಸಿಲಿಂಡರ್ ಇದ್ದರೆ, ಮುಂದಿನ ರೀಫಿಲ್ ಬಿಲ್ಲಿಗೆ ಸಹಿ ಹಾಕುವ ಮೊದಲು ತಕ್ಕಡಿ ತರಿಸಿ, ತಂದವನ ಎದುರೇ ತೂಗಿ.