ಮಂಜಿನ ಮುಂಜಾನೆಯಲ್ಲಿ ಧೂಳಿನ ಲೆಕ್ಕ

ಕಳೆದ ಮಾಗಿಯಲ್ಲಿ ಮಾಲೂರು ಸಮೀಪದ ಗ್ರಾಮವೊಂದರಿಂದ ಉಬ್ಬಸದಿಂದ ಬಳಲುತ್ತಿದ್ದ ಹಿರಿಯರೊಬ್ಬರನ್ನು ಅವರ ಮಗ ಚಿಕಿತ್ಸೆಗೆ ಕರೆತಂದರು. ಅವರ ಮನೆಯ ಜಗಲಿಯಲ್ಲಿ ಗಾಳಿಯ ಸೂಕ್ಷ್ಮ ಧೂಳನ್ನು ಅಳೆಯುವ ಅಗ್ಗದ ಸಾಧನವಿದ್ದಿತು. ಬೆಳಗಿನ ಆರು ಗಂಟೆಗೆ ಅದು 140 ತೋರಿಸಿದ್ದನ್ನು ಕಂಡು ಮನೆಯವರು ಕಿಟಕಿಗಳನ್ನೆಲ್ಲ ಮುಚ್ಚಿದರು. ಒಳಗೆ ಸ್ನಾನದ ನೀರಿಗಾಗಿ ಸೌದೆಯ ಒಲೆ ಉರಿಯುತ್ತಿತ್ತು. ಉಬ್ಬಸ ಹೆಚ್ಚಾಯಿತು. ಹನ್ನೊಂದು ಗಂಟೆಗೆ ಅದೇ ಸಾಧನ 52 ತೋರಿಸಿತು.

ಈ ಸಾಧನವು ಧೂಳನ್ನು ತೂಗುವುದಿಲ್ಲ. ಅದರೊಳಗಿನ ಪುಟ್ಟ ಫ್ಯಾನು ಗಾಳಿಯನ್ನು ಸೆಳೆದು ಲೇಸರ್ ಕಿರಣದ ಮುಂದೆ ಹಾಯಿಸುತ್ತದೆ. ಕಣವೊಂದು ಕಿರಣವನ್ನು ದಾಟಿದಾಗ ಬೆಳಕು ಚದುರುತ್ತದೆ. ಪಕ್ಕದಲ್ಲಿರುವ ಬೆಳಕಿನ ಗ್ರಾಹಕವು ಆ ಮಿನುಗನ್ನು ಹಿಡಿದು, ಅದರ ಪ್ರಖರತೆಯಿಂದ ಕಣದ ಗಾತ್ರವನ್ನು ಊಹಿಸಲು ನೆರವಾಗುತ್ತದೆ. ಕಣದ ಸಾಂದ್ರತೆ ಇಷ್ಟೆಂದು ಮೊದಲೇ ಭಾವಿಸಿ, ಒಂದು ಘನಮೀಟರ್ ಗಾಳಿಯಲ್ಲಿ ಇಷ್ಟು ಮೈಕ್ರೋಗ್ರಾಂ ಧೂಳಿದೆಯೆಂದು ಲೆಕ್ಕ ಹಾಕಲಾಗುತ್ತದೆ.

ತೇವವು ಕೆಡಿಸುವುದು ಈ ಊಹೆಯನ್ನೇ. ಮಳೆಗಾಲದಲ್ಲಿ ಜಾಡಿಯ ಉಪ್ಪು ನೀರೊಡೆಯುವುದನ್ನು ತಾವೆಲ್ಲರೂ ಬಲ್ಲಿರಿ. ಗಾಳಿಯ ಧೂಳಿನಲ್ಲಿಯೂ ಅಮೋನಿಯಂ ಸಲ್ಫೇಟ್‌ನಂತಹ ಲವಣಗಳಿರುತ್ತವೆ. ಗಾಳಿಯ ಆರ್ದ್ರತೆ ಶೇ. 80ರ ಆಸುಪಾಸಿಗೆ ಬಂದಾಗ ಅವು ನೀರು ಹೀರಿ ಹನಿಗಳಾಗುತ್ತವೆ. ಕಣದ ಅಗಲ ಒಂದೂವರೆ ಪಟ್ಟಾದರೆ ಅದರ ಘನಗಾತ್ರ ಮೂರು ಪಟ್ಟಿಗೂ ಮೀರುತ್ತದೆ. ಸೇರಿದ್ದು ನೀರಾದರೂ ಸಾಧನವು ಅದನ್ನು ಧೂಳೆಂದೇ ಎಣಿಸುತ್ತದೆ. ದಟ್ಟ ಮಂಜಿನಲ್ಲಿ ಮಂಜಿನ ಹನಿಗಳೂ ಲೆಕ್ಕಕ್ಕೆ ಸೇರುತ್ತವೆ. ಆ ದಿನ ಆರು ಗಂಟೆಗೆ ಆರ್ದ್ರತೆ ಶೇ. 94, ಹನ್ನೊಂದಕ್ಕೆ ಶೇ. 46 ಇದ್ದಿತು.

ಕೋಲಾರದ ಟಮಕ ಕೈಗಾರಿಕಾ ಪ್ರದೇಶದಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರವಿದೆ. ಇಂತಹ ಕೇಂದ್ರಗಳ ಯಂತ್ರಗಳಲ್ಲಿ ಸಾಮಾನ್ಯವಾಗಿ ಗಾಳಿಯನ್ನು ಕಾಯಿಸಿ, ತೇವ ತಗ್ಗಿಸಿದ ಬಳಿಕವೇ ಧೂಳನ್ನು ಅಳೆಯುತ್ತಾರೆ. ಅಗ್ಗದ ಸಾಧನಗಳಲ್ಲಿ ಈ ಏರ್ಪಾಡು ಇರುವುದಿಲ್ಲ.

ಹಾಗೆಂದು 140 ಪೂರ್ತಿ ಸುಳ್ಳೆನ್ನಲಾಗದು. ಚಳಿಯ ರಾತ್ರಿಗಳಲ್ಲಿ ತಣ್ಣನೆಯ ಗಾಳಿ ನೆಲದ ಮೇಲೆ ನಿಂತು, ಇಟ್ಟಿಗೆ ಗೂಡು ಹಾಗೂ ಒಲೆಗಳ ಹೊಗೆ ಮೇಲೇರದೆ ಉಳಿಯುತ್ತದೆ. ನೀರೆಷ್ಟು, ಹೊಗೆಯೆಷ್ಟು ಎಂದು ಒಂದೇ ಸಂಖ್ಯೆಯಿಂದ ತಿಳಿಯದು. ಆದ್ದರಿಂದ ಸಂಖ್ಯೆಯ ಜೊತೆಗೆ ಆರ್ದ್ರತೆಯನ್ನೂ ಬರೆದಿಡಬೇಕು. ಸಮಾನ ಆರ್ದ್ರತೆಯ ದಿನಗಳನ್ನು ಮಾತ್ರ ಪರಸ್ಪರ ಹೋಲಿಸಬೇಕು. ದೇಶದ ಮಿತಿಯಾದ 60 ಎಂಬುದು 24 ಗಂಟೆಗಳ ಸರಾಸರಿಯೇ ಹೊರತು ಕ್ಷಣದ ಅಳತೆಯಲ್ಲ ಎಂಬುದೂ ನೆನಪಿರಲಿ.

ಮರುದಿನ ಮುಂಜಾನೆ ಸಾಧನವನ್ನು ಸ್ನಾನದ ಹಬೆಯಿಂದ ದೂರ, ಹಿರಿಯರು ಮಲಗುವ ಕೋಣೆಯಲ್ಲಿಡಲು ಹೇಳಿದೆನು. ಅಲ್ಲಿ ಆರ್ದ್ರತೆ ಶೇ. 58 ಮಾತ್ರ, ಸಂಖ್ಯೆ 190! ಅಷ್ಟು ಒಣಗಾಳಿಯಲ್ಲಿ ತೇವವನ್ನು ದೂರುವಂತಿರಲಿಲ್ಲ, ಅದು ಸೌದೆಯ ಹೊಗೆ. ಒಲೆಯನ್ನು ಹಿತ್ತಲಿಗೆ ಸಾಗಿಸಿದ ಮೇಲೆ ಕೋಣೆಯ ಸಂಖ್ಯೆಯೂ ಇಳಿಯಿತು, ಹಿರಿಯರ ರಾತ್ರಿಯ ಏದುಸಿರೂ ತಗ್ಗಿತು. ಸಾಧನದ ಸಂಖ್ಯೆಯನ್ನು ನೋಡಿ ಔಷಧವನ್ನು ಮಾತ್ರ ತಾವಾಗಿಯೇ ಹೆಚ್ಚಿಸಬಾರದು, ನಿಲ್ಲಿಸಲೂಬಾರದು.