ಅಡುಗೆಯವರಿಗೆ ಏನೆಂದು ಬರೆಯಬೇಕು

ಮದುವೆಯೂಟಕ್ಕೆ ಬರುವ ನೆಂಟರೊಬ್ಬರಿಗೆ ಕಡಲೆಕಾಯಿಯ ತೀವ್ರ ಅಲರ್ಜಿ ಇದ್ದಾಗ, ಕೇಟರಿಂಗ್‌ನವರಿಗೆ ‘ಅವರಿಗೆ ಕಡಲೆಬೀಜ ಬೇಡ’ ಎಂದಷ್ಟೇ ಬರೆದರೆ, ಚಿತ್ರಾನ್ನದ ಬೀಜ ಆರಿಸಿ ತೆಗೆದು ಬಡಿಸಿಬಿಡುತ್ತಾರೆ. ತೊಂದರೆ ಕೊಡುವುದು ಬೀಜದ ಪ್ರೋಟೀನು. ಅದು ಆ ಹೊತ್ತಿಗೆ ಒಗ್ಗರಣೆಯ ಎಣ್ಣೆಗೂ ಅನ್ನಕ್ಕೂ ಹತ್ತಿರುತ್ತದೆ. ಬೆಂಕಿಗೆ ಎಲ್ಲವೂ ಶುದ್ಧ ಎನ್ನುವ ನಂಬಿಕೆ ಇಲ್ಲಿ ನಡೆಯದು: ಹುರಿದರೂ ಕರಿದರೂ ಅದು ನಾಶವಾಗುವುದಿಲ್ಲ. ಬೀಜ ಕರಿದ ಬಾಣಲೆಯಲ್ಲೇ ಹಪ್ಪಳ ಕರಿದರೆ ಹಪ್ಪಳವೂ ಅಪಾಯ. ಗಾಣದ ಕಡಲೆಕಾಯಿ ಎಣ್ಣೆಯಲ್ಲೂ ಪ್ರೋಟೀನು ಉಳಿದಿರುತ್ತದೆ.

‘ಒಬ್ಬರಿಗೋಸ್ಕರ ಸಾವಿರ ಜನರ ಊಟ ಬದಲಿಸೋದಾ?’ ಎಂದು ಭಟ್ಟರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಬದಲಿಸಬೇಕಿಲ್ಲ. ಆ ಒಬ್ಬರ ಅನ್ನ, ಸಾರು, ಪಲ್ಯವನ್ನು ಬೀಜ ಹುರಿಯುವ ಮೊದಲೇ, ಸೋಪು ಹಾಕಿ ತೊಳೆದ ಪಾತ್ರೆಯಲ್ಲಿ, ಸೂರ್ಯಕಾಂತಿ ಎಣ್ಣೆಯ ಹೊಸ ಪ್ಯಾಕೆಟ್ ಒಡೆದು ಮಾಡಿ, ಹೆಸರು ಬರೆದು ಮುಚ್ಚಿಡಲಿ. ಅಷ್ಟಾದರೂ ಪಂಕ್ತಿಯಲ್ಲಿ ಎಡವಟ್ಟಾಗಬಹುದು: ಶೇಂಗಾ ಚಟ್ನಿಯ ಸೌಟೇ ಅವಸರದಲ್ಲಿ ಪಲ್ಯದ ಬಕೆಟ್ಟಿಗೂ ಇಳಿಯುತ್ತದೆ. ಆದ್ದರಿಂದ ಅವರ ಎಲೆಗೆ ಒಬ್ಬರೇ ಬಡಿಸಲಿ, ಕೈಯನ್ನು ಸೋಪಿನಲ್ಲಿ ತೊಳೆದು. ಸ್ಯಾನಿಟೈಸರ್ ಸವರಿಕೊಂಡರೆ ಪ್ರೋಟೀನು ಹೋಗುವುದಿಲ್ಲ. ಆ ಬಡಿಸುವವರ ಹೆಸರನ್ನು ಸಂದೇಶದಲ್ಲೇ ಕೇಳಿ.