ವಿದೇಶ ಪ್ರವಾಸದ ವಿಮೆ: ಕ್ಲೇಮಿನ ದೃಷ್ಟಿಯಿಂದ ಒಂದು ಪರಿಶೀಲನೆ

ಅಡಿಕೆ ಸುಲಿದು, ಕಾಫಿ ಒಣಗಿಸಿ ಮೂಟೆ ಕಟ್ಟಿದ ಮೇಲೆ ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೊರಡುವುದು ನಮ್ಮ ಸದಸ್ಯರಲ್ಲಿ ಈಗ ಅಪರೂಪವೇನಲ್ಲ. ಹೊರಡುವ ಮುನ್ನ ಮಗನೋ ಮಗಳೋ ಒಂದು ವಿಮಾ ಪಾಲಿಸಿ ಮಾಡಿಸಿರುತ್ತಾರೆ. ಅದರ ಮೊದಲ ಪುಟದಲ್ಲಿ ಐವತ್ತು ಸಾವಿರ ಡಾಲರ್ ಎಂದು ಕಂಡೊಡನೆ ನಾವು ನಿಶ್ಚಿಂತರಾಗುತ್ತೇವೆ. ಒಳಪುಟ ಓದುವವರು ಕಡಿಮೆ. ಬೆಳೆ ಸಾಲದ ಕರಾರನ್ನೇ ಓದದೆ ಸಹಿ ಹಾಕುವವರು ನಾವು, ಇದನ್ನು ಓದುತ್ತೇವೆಯೆ?

ಇಂತಹ ಪಾಲಿಸಿಯ ಮುಖ್ಯ ಭಾಗ ವೈದ್ಯಕೀಯ ವೆಚ್ಚ. ಪ್ರವಾಸದ ಅವಧಿಯಲ್ಲಿ ಹಠಾತ್ತನೆ ಬಂದ ಕಾಯಿಲೆ ಮತ್ತು ಅಪಘಾತ ಇದರಲ್ಲಿ ಸೇರುತ್ತವೆ. ಊರಿನಲ್ಲಿದ್ದಾಗಲೇ ಇದ್ದ ಕಾಯಿಲೆ ಸಾಮಾನ್ಯವಾಗಿ ಸೇರುವುದಿಲ್ಲ. ಕೆಲವು ಪಾಲಿಸಿಗಳು ಪ್ರಾಣಾಪಾಯದ ಸಂದರ್ಭದಲ್ಲಿ ಮಾತ್ರ, ಅದೂ ಒಂದು ಮಿತಿಯವರೆಗೆ ಕೊಡುತ್ತವೆ. ರಕ್ತದೊತ್ತಡವನ್ನೋ ಸಕ್ಕರೆ ಕಾಯಿಲೆಯನ್ನೋ ಅರ್ಜಿಯಲ್ಲಿ ಮುಚ್ಚಿಟ್ಟರೆ ಪ್ರೀಮಿಯಂ ಕಡಿಮೆಯಾದೀತೆಂಬ ಆಸೆ ಬೇಡ. ಅಲ್ಲಿನ ವೈದ್ಯರು ದಾಖಲು ಮಾಡಿಕೊಳ್ಳುವಾಗ ಮೊದಲು ಕೇಳುವುದೇ ಹಿಂದಿನ ಕಾಯಿಲೆ ಮತ್ತು ಈಗ ನುಂಗುತ್ತಿರುವ ಮಾತ್ರೆ. ನಾವು ಹೇಳಿದ್ದು ಆಸ್ಪತ್ರೆಯ ಕಾಗದದಲ್ಲಿ ದಾಖಲಾಗಿ ವಿಮಾ ಕಂಪನಿಯ ಮೇಜಿಗೆ ಹೋಗುತ್ತದೆ.

ಇನ್ನು ಮಿತಿಯ ವಿಚಾರ. ಅರವತ್ತು ದಾಟಿದವರ ಪಾಲಿಸಿಗಳಲ್ಲಿ ಒಟ್ಟು ಮೊತ್ತದೊಳಗೆ ಬಾಬುವಾರು ಮಿತಿಗಳಿರುವುದು ಹೆಚ್ಚು. ಲೆಕ್ಕ ತಿಳಿಯಲೆಂದು ಒಂದು ಉದಾಹರಣೆ ಹಿಡಿಯೋಣ. ಅರವತ್ತೇಳು ವರ್ಷದ ಸದಸ್ಯರೊಬ್ಬರಿಗೆ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಯಿತೆನ್ನಿ. ಮೂರು ದಿನದ ಕೊಠಡಿಗೆ 12,000, ಶಸ್ತ್ರಚಿಕಿತ್ಸೆಗೆ 9,000, ಪರೀಕ್ಷೆಗಳಿಗೆ 3,000, ಒಟ್ಟು 24,000 ಡಾಲರ್ ಬಿಲ್ಲು. ಪಾಲಿಸಿಯಲ್ಲಿ ಕೊಠಡಿಗೆ ದಿನಕ್ಕೆ 1,500, ಶಸ್ತ್ರಚಿಕಿತ್ಸೆಗೆ 10,000, ಪರೀಕ್ಷೆಗೆ 1,500 ಎಂದು ಮಿತಿ. ಆಗ ಕೊಠಡಿಗೆ ಸಿಗುವುದು 4,500, ಶಸ್ತ್ರಚಿಕಿತ್ಸೆಗೆ ಪೂರಾ 9,000, ಪರೀಕ್ಷೆಗೆ 1,500, ಒಟ್ಟು 15,000. ಇದರಲ್ಲಿ ಡಿಡಕ್ಟಿಬಲ್ ಎಂಬ ಮೊದಲ ನೂರು ಡಾಲರ್ ನಮ್ಮದೇ ಹೊರೆ. ಕಂಪನಿ ಕೊಡುವುದು 14,900. ಮಿಕ್ಕ 9,100 ಡಾಲರ್ ಮಗನ ಜೇಬಿನಿಂದ. ಐವತ್ತು ಸಾವಿರದ ಪಾಲಿಸಿ ಇದ್ದೂ ಹೀಗಾಗುತ್ತದೆ. ಆದುದರಿಂದ ಕೊಳ್ಳುವಾಗ ಬಾಬುವಾರು ಮಿತಿ ಇಲ್ಲದ ಪಾಲಿಸಿ ಸಿಗುವುದೇ ಎಂದು ವಿಚಾರಿಸಿ, ಪ್ರೀಮಿಯಂ ತುಸು ಹೆಚ್ಚಾದರೂ ತೂಗಿ ನೋಡುವುದು ಲೇಸು.

ಆಸ್ಪತ್ರೆಗೆ ಸೇರಿದಾಗ ಮಾಡಬೇಕಾದ ಮೊದಲ ಕೆಲಸ ಪಾಲಿಸಿಯಲ್ಲಿ ಅಚ್ಚಾಗಿರುವ ಸಹಾಯವಾಣಿಗೆ ಫೋನ್ ಮಾಡುವುದು. ಸಾಧ್ಯವಾದರೆ ಸೇರುವ ಮೊದಲೇ, ಇಲ್ಲವೆ ಪಾಲಿಸಿ ಹೇಳಿದ ಗಡುವಿನೊಳಗೆ (ಹಲವು ಕಡೆ ಇದು 24 ಗಂಟೆ) ತಿಳಿಸಬೇಕು. ಪಾಲಿಸಿ ಸಂಖ್ಯೆ, ಪಾಸ್‌ಪೋರ್ಟ್ ಸಂಖ್ಯೆ ಕೇಳುತ್ತಾರೆ. ಅವರು ಒಪ್ಪಿದರೆ ಹಣ ನೇರವಾಗಿ ಆಸ್ಪತ್ರೆಗೆ ಹೋಗುತ್ತದೆ. ಕೇಳಿದ ಹೆಸರು, ಸಮಯ ಮತ್ತು ಕ್ಲೇಮಿನ ಸಂಖ್ಯೆಯನ್ನು ಒಂದು ಕಾಗದದಲ್ಲಿ ಬರೆದಿಡಿ.

ಕಾಗದಪತ್ರಗಳಲ್ಲಿ ನಮ್ಮವರು ಎಡವುವ ಜಾಗ ಬಿಲ್ಲು. ಅಮೆರಿಕದಲ್ಲಿ ಆಸ್ಪತ್ರೆಯದೊಂದು, ಶಸ್ತ್ರವೈದ್ಯರದೊಂದು, ಅರಿವಳಿಕೆ ಕೊಟ್ಟವರದೊಂದು, ಆಂಬುಲೆನ್ಸಿನದೊಂದು ಎಂದು ಬಿಲ್ಲುಗಳು ಬೇರೆ ಬೇರೆಯಾಗಿ, ಕೆಲವು ವಾರಗಳೋ ತಿಂಗಳುಗಳೋ ಕಳೆದು ಅಂಚೆಯಲ್ಲಿ ಬರುತ್ತವೆ. ಅಷ್ಟರಲ್ಲಿ ನಾವು ಊರಿಗೆ ಮರಳಿ ತೋಟದಲ್ಲಿ ಮದ್ದು ಹೊಡೆಸುತ್ತಿರುತ್ತೇವೆ. ಬಂದ ಪ್ರತಿಯೊಂದನ್ನೂ ಸಹಾಯವಾಣಿಗೆ ಕಳಿಸುವಂತೆ ಮಗನಿಗೆ ಹೇಳಿ ಬರಬೇಕು. ಒಟ್ಟು ಮೊತ್ತ ಮಾತ್ರ ಬರೆದ ಒಂದು ಹಾಳೆ ಸಾಲದು. ಏನೇನಕ್ಕೆ ಎಷ್ಟೆಂಬ ವಿವರದ ಬಿಲ್ಲನ್ನು ಕೇಳಿ ಪಡೆಯಬೇಕು. ಇದರ ಜೊತೆಗೆ ಭರ್ತಿ ಮಾಡಿದ ಕ್ಲೇಮ್ ಫಾರಂ, ವೈದ್ಯರ ಹೇಳಿಕೆ, ಬಿಡುಗಡೆ ಪತ್ರ, ಪರೀಕ್ಷಾ ವರದಿ, ಔಷಧಿ ಚೀಟಿ, ಹಣ ಕಟ್ಟಿದ ರಸೀತಿ, ಪಾಸ್‌ಪೋರ್ಟಿನ ಪ್ರತಿ ಹಾಗೂ ಟಿಕೆಟ್, ಬೋರ್ಡಿಂಗ್ ಪಾಸು ಬೇಕು. ವಿಮಾನ ಇಳಿದೊಡನೆ ಬೋರ್ಡಿಂಗ್ ಪಾಸನ್ನು ಕಸದ ಬುಟ್ಟಿಗೆ ಹಾಕುವ ಅಭ್ಯಾಸ ಬಿಡಬೇಕು. ನಾವೇ ಹಣ ಕಟ್ಟಿದ್ದರೆ ಮರುಪಾವತಿ ಇಲ್ಲಿನ ಬ್ಯಾಂಕ್ ಖಾತೆಗೆ ರೂಪಾಯಿಯಲ್ಲಿ ಬರುತ್ತದೆ.

ಪೆಟ್ಟಿಗೆ ಬಾರದಿದ್ದರೆ ವಿಮಾನ ನಿಲ್ದಾಣ ಬಿಡುವ ಮೊದಲೇ ವಿಮಾನ ಕಂಪನಿಯ ಕೌಂಟರಿನಲ್ಲಿ ಪಿಐಆರ್ ಎಂಬ ವರದಿ ಬರೆಸಿ ಪ್ರತಿ ಪಡೆಯಿರಿ. ಮನೆಗೆ ಹೋಗಿ ಮರುದಿನ ಫೋನ್ ಮಾಡಿದರೆ ಕ್ಲೇಮು ದುರ್ಬಲವಾಗುತ್ತದೆ. ಪೆಟ್ಟಿಗೆ ಬಂದು, ಒಳಗಿನ ಉಪ್ಪಿನಕಾಯಿ ಭರಣಿ ಮಾತ್ರ ಒಡೆದಿದ್ದರೆ ಅದಕ್ಕೆ ಹೆಚ್ಚಿನ ಪಾಲಿಸಿಗಳಲ್ಲಿ ಏನೂ ಸಿಗದು, ಒಡವೆಗೂ ಇಲ್ಲ. ಪಾಸ್‌ಪೋರ್ಟ್ ಕಳೆದರೆ ತಡಮಾಡದೆ ಅಲ್ಲಿನ ಪೊಲೀಸರಿಗೆ ದೂರು ಕೊಟ್ಟು ಲಿಖಿತ ವರದಿ ಪಡೆಯಬೇಕು, ಹೊಸದಕ್ಕೆ ಕಟ್ಟಿದ ಶುಲ್ಕದ ರಸೀತಿ ಇಡಬೇಕು.

ಮೊಮ್ಮಗುವಿನ ನಾಮಕರಣ ಮುಂದೆ ಹೋಗಿ ವಾಸ್ತವ್ಯ ಬೆಳೆಸುವವರು ಪಾಲಿಸಿಯ ಕೊನೆಯ ದಿನಾಂಕ ಮುಗಿಯುವ ಮೊದಲೇ ವಿಸ್ತರಣೆಗೆ ಬರೆಯಬೇಕು. ಅವಧಿ ಮುಗಿದ ಮೇಲೆ ಕೇಳಿದರೆ ವಿಸ್ತರಣೆ ಸಿಗುವುದು ಕಷ್ಟ.